ಯಾವ ದೂರು ಹೆಚ್ಚು? ಸ್ಕ್ರೀನ್‌ಶಾಟ್ ರಾಶಿಯ ಲೆಕ್ಕ

ಮೊಬೈಲ್ ಆಪ್ ನಡೆಸುವವರ ವಾಟ್ಸಾಪ್ ಗ್ರೂಪಿಗೆ ಬಳಕೆದಾರರ ದೂರು ಹೆಚ್ಚಾಗಿ ಚಿತ್ರದ ರೂಪದಲ್ಲೇ ಬಂದು ಬೀಳುತ್ತದೆ. ಯಾರೋ ಪ್ಲೇ ಸ್ಟೋರ್ ತೆರೆದು, ಒಂದು ಸ್ಟಾರ್ ಕೊಟ್ಟವರ ರಿವ್ಯೂಗಳ ಸ್ಕ್ರೀನ್‌ಶಾಟ್ ತೆಗೆದು, ‘ನೋಡಿ, ಜನ ಏನು ಬರೀತಿದ್ದಾರೆ’ ಎಂದು ಹಾಕುತ್ತಾರೆ. ನೋಡನೋಡುತ್ತ ಎಂಬತ್ತು ಚಿತ್ರ ಸೇರುತ್ತವೆ. ಮೀಟಿಂಗಿನಲ್ಲಿ ಮಾತ್ರ ಒಂದೇ ಪ್ರಶ್ನೆ: ಜನ ಎಲ್ಲಕ್ಕಿಂತ ಹೆಚ್ಚು ಯಾವುದರ ಬಗ್ಗೆ ದೂರುತ್ತಿದ್ದಾರೆ? ಎಣಿಸಿದರೆ ಮುಗಿಯಿತಲ್ಲ ಅನ್ನಿಸುತ್ತದೆ. ಆದರೆ ಅದೇ ಎಂಬತ್ತು ಚಿತ್ರಗಳಿಂದ ಮೂರು ಜನ ಮೂರು ಉತ್ತರ ತೆಗೆಯಬಹುದು. ಮೂವರ ಕೂಡುವಿಕೆಯಲ್ಲೂ ತಪ್ಪಿರುವುದಿಲ್ಲ.

ಇದು ಹೇಗೆಂದು ನೋಡಲು, ಕರೆಂಟ್ ಬಿಲ್ ಕಟ್ಟುವ ಒಂದು ಆಪ್ ಇದೆ ಎಂದುಕೊಳ್ಳೋಣ. ಆಪ್ ಕಲ್ಪಿತ, ಅದರ ಸಂಖ್ಯೆಗಳೂ ವಿವರಣೆಗೆಂದು ನಾನೇ ಇಟ್ಟುಕೊಂಡವು. ಆದರೆ ಅದರಲ್ಲಿ ಬರುವ ತೊಡಕುಗಳು ಈ ಕೆಲಸಕ್ಕೆ ಕೂತವರೆಲ್ಲ ಎದುರಿಸುವಂಥವು.

ಮೊದಲ ತೊಡಕು ಚಿತ್ರದಲ್ಲೇ ಇದೆ. ಒಂದು ಸ್ಕ್ರೀನ್‌ಶಾಟಿನಲ್ಲಿ ಎರಡು ಮೂರು ರಿವ್ಯೂ ಇರುತ್ತವೆ. ಒಂದೇ ರಿವ್ಯೂವನ್ನು ಇಬ್ಬರು ಬೇರೆ ಬೇರೆ ಫೋನಿನಿಂದ ಕಳಿಸಿರುತ್ತಾರೆ. ಆದ್ದರಿಂದ ಎಣಿಸಬೇಕಾದದ್ದು ಚಿತ್ರವನ್ನಲ್ಲ, ರಿವ್ಯೂವನ್ನು. ಒಂದು ಶೀಟ್ ತೆರೆದು ಪ್ರತಿ ರಿವ್ಯೂಗೂ ಒಂದು ಸಾಲು ಕೊಡಬೇಕು: ಚಿತ್ರದ ಸಂಖ್ಯೆ, ದಿನಾಂಕ, ಸ್ಟಾರ್, ಬರೆದ ಮಾತು, ಕೊನೆಗೆ ಗುಂಪು. ಬರೆದವರ ಹೆಸರು ಬೇಕಾಗುವುದು ನಕಲು ಪತ್ತೆಯಾಗುವವರೆಗೆ ಮಾತ್ರ. ಆಮೇಲೆ ಆ ಕಾಲಂ ಅಳಿಸಿಬಿಡುವುದು ಒಳ್ಳೆಯದು. ದೂರು ಹೇಳಿದವರ ಹೆಸರು ಆಫೀಸಿನಲ್ಲೆಲ್ಲ ಸುತ್ತಾಡಬೇಕಾಗಿಲ್ಲ.

ಚಿತ್ರದಲ್ಲಿರುವ ಅಕ್ಷರವನ್ನು ಕೈಯಿಂದ ಟೈಪ್ ಮಾಡಬೇಕೆಂದೇನೂ ಇಲ್ಲ. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ಕನ್ನಡ ಇಂಗ್ಲಿಷ್ ಬೆರೆತ ಚಿತ್ರವಾದರೆ ಅಪ್ಪಣೆ ಹೀಗಿರುತ್ತದೆ:

```
tesseract 01.png 01 -l kan+eng
```

ಇದು ಅಕ್ಷರಗಳನ್ನು ತೆಗೆದುಕೊಡುತ್ತದೆ, ಸ್ಟಾರ್‌ಗಳನ್ನು ಕೊಡುವುದಿಲ್ಲ. ಸ್ಟಾರ್ ಅಕ್ಷರವಲ್ಲ, ಚಿತ್ರ. ಅದನ್ನು ಕಣ್ಣಿನಿಂದ ನೋಡಿಯೇ ತುಂಬಬೇಕು. ಒತ್ತಕ್ಷರಗಳಲ್ಲಿ ತಪ್ಪು ಓದುವುದೂ ಉಂಟು, ಹಾಗಾಗಿ ಪಕ್ಕದಲ್ಲಿ ಮೂಲ ಚಿತ್ರ ಇಟ್ಟುಕೊಂಡೇ ಓದಬೇಕು. ದಿನಾಂಕದ ಮೇಲೂ ಕಣ್ಣಿರಲಿ. ಫೋನಿನ ಭಾಷೆ ಅಮೆರಿಕದ ಇಂಗ್ಲಿಷ್ ಆಗಿದ್ದರೆ ತಿಂಗಳು ಮೊದಲು ಬರುತ್ತದೆ. ಒಬ್ಬರ ಚಿತ್ರದಲ್ಲಿ 05/08 ಎಂದರೆ ಆಗಸ್ಟ್ 5, ಇನ್ನೊಬ್ಬರದರಲ್ಲಿ ಮೇ 8.

ನಮ್ಮ ಕಲ್ಪಿತ ಆಪ್‌ಗೆ ಬರೋಣ. 80 ಚಿತ್ರಗಳಿಂದ 146 ರಿವ್ಯೂ ಸಿಕ್ಕವು. ನಕಲು 21 ತೆಗೆದರೆ 125. ಅದರಲ್ಲಿ 17 ಜನ ‘ವೇಸ್ಟ್ ಆಪ್’ ಎಂದಷ್ಟೇ ಬರೆದಿದ್ದಾರೆ. ಕೋಪ ಕಾಣುತ್ತದೆ, ಕಾರಣ ಕಾಣುವುದಿಲ್ಲ. ಇವನ್ನು ಊಹಿಸಿ ಯಾವುದೋ ಗುಂಪಿಗೆ ತಳ್ಳಬಾರದು, ‘ಕಾರಣವಿಲ್ಲ’ ಎಂದೇ ಬರೆದಿಡಬೇಕು. ಇನ್ನು 8 ನಿಜವಾದ ಹೊಗಳಿಕೆ. ಹೊಗಳಿಕೆಯನ್ನು ಸ್ಟಾರ್ ನೋಡಿ ತೀರ್ಮಾನಿಸುವಂತಿಲ್ಲ, ಏಕೆಂದರೆ ‘ಐದು ಸ್ಟಾರ್ ಕೊಟ್ಟರಾದರೂ ಮೇಲೆ ಕಾಣಲಿ’ ಎಂದು ಐದೂ ಒತ್ತಿ ಕೆಳಗೆ ಬೈಯುವವರಿದ್ದಾರೆ. ಇವೆರಡನ್ನೂ ಬಿಟ್ಟರೆ ಉಳಿದದ್ದು ಕಾರಣವಿರುವ 100 ದೂರು.

ಈಗ ಗುಂಪು ಮಾಡುವುದು. ಮೊದಲು ಹೊಳೆಯುವ ದಾರಿ ಎಂದರೆ ಪದ ಹುಡುಕಿ ಎಣಿಸುವುದು. ಲಾಗಿನ್ ಎಂದಿದ್ದವೆಲ್ಲ ಒಂದು ಕಡೆ, ಹಣ ಎಂದಿದ್ದವೆಲ್ಲ ಇನ್ನೊಂದು ಕಡೆ. ಕನ್ನಡಿಗರು ಬರೆಯುವ ರಿವ್ಯೂಗಳಲ್ಲಿ ಇದು ಬೇಗ ಕೈಕೊಡುತ್ತದೆ. ‘ಓಟಿಪಿ ಬರ್ತಿಲ್ಲ’ ಎಂಬುದನ್ನು ಒಬ್ಬರು ಕನ್ನಡ ಲಿಪಿಯಲ್ಲಿ ಬರೆದರೆ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಅದರಲ್ಲೂ ಒಬ್ಬರು ಸ್ವರಗಳನ್ನೆಲ್ಲ ಹಾಕಿದರೆ, ಮತ್ತೊಬ್ಬರು ನುಂಗಿಬಿಟ್ಟಿರುತ್ತಾರೆ. ‘ದುಡ್ಡು ಹೋಯ್ತು’, ‘ಅಮೌಂಟ್ ಕಟ್ ಆಯ್ತು’, ‘ಹಣ ಕಡಿತ’ ಮೂರೂ ಒಂದೇ ದೂರು, ಪದ ಒಂದೂ ಸಮವಿಲ್ಲ. ನೂರು ರಿವ್ಯೂ ಎಂದರೆ ಒಂದು ಮಧ್ಯಾಹ್ನದ ಓದು. ಪದ ಹುಡುಕುವ ಬದಲು ಕೂತು ಓದುವುದೇ ಲೇಸು.

ಓದಿ ಗುಂಪು ಮಾಡಿದಾಗ ನಮ್ಮ ಶೀಟಿನಲ್ಲಿ ಹೀಗೆ ಬಂತು ಎಂದುಕೊಳ್ಳಿ: ಲಾಗಿನ್ 31, ಹಣ 27, ನಿಧಾನ 18, ತಪ್ಪು ಬಿಲ್ 10, ಸಹಾಯವಾಣಿ 8, ಕನ್ನಡ ಸರಿಯಿಲ್ಲದಿರುವುದು 6. ಲಾಗಿನ್ನೇ ಮೊದಲು. ಮೀಟಿಂಗಿನಲ್ಲಿ ಹಾಗೆಂದು ಹೇಳಿ ಎದ್ದುಬಿಡಬಹುದು.

ಆದರೆ ಆ 31ನ್ನು ಬಿಡಿಸಿ ನೋಡಿ. ಹನ್ನೆರಡು ಜನಕ್ಕೆ ಓಟಿಪಿ ಬಂದಿಲ್ಲ. ಏಳು ಜನಕ್ಕೆ ಪಾಸ್‌ವರ್ಡ್ ಬದಲಿಸಲು ಆಗಿಲ್ಲ. ಒಂಬತ್ತು ಜನಕ್ಕೆ ಅಪ್‌ಡೇಟ್ ಆದ ಮೇಲೆ ಲಾಗಿನ್ ಪರದೆಯಲ್ಲೇ ಆಪ್ ಮುಚ್ಚಿಕೊಂಡಿದೆ. ಉಳಿದ ಮೂರು ಬಿಡಿ ಬಿಡಿ. ಓಟಿಪಿ ಬಾರದಿರುವುದಕ್ಕೆ ಎಸ್‌ಎಂಎಸ್ ಕಳಿಸುವ ಸೇವೆ ಕಾರಣವಿರಬಹುದು. ಆಪ್ ಮುಚ್ಚಿಕೊಳ್ಳುವುದು ಹೊಸ ಆವೃತ್ತಿಯ ಕೋಡಿನ ದೋಷ. ಲಾಗಿನ್ ಎನ್ನುವುದು ಜ್ವರ ಎಂದ ಹಾಗೆ, ಅದು ಲಕ್ಷಣ. ಕೆಳಗೆ ಮೂರು ಬೇರೆ ಕಾಯಿಲೆಗಳಿವೆ. ಹಣದ 27ರಲ್ಲಾದರೋ 24 ಒಂದೇ ಮಾತು: ಖಾತೆಯಿಂದ ಹಣ ಹೋಯಿತು, ಬಿಲ್ ಮಾತ್ರ ಬಾಕಿ ಎಂದೇ ತೋರಿಸುತ್ತಿದೆ. ಉಳಿದ ಮೂರು ಹೆಚ್ಚುವರಿ ಶುಲ್ಕದ ಬಗ್ಗೆ. ಈಗ 24ರ ಮುಂದೆ 12 ನಿಲ್ಲುವುದಿಲ್ಲ. ಮೊದಲ ಸ್ಥಾನ ಹಣ ಕಡಿತಕ್ಕೆ ಹೋಯಿತು.

ಇಲ್ಲೊಂದು ಮೋಸಕ್ಕೂ ಎಡೆಯಿದೆ. ಒಂದು ಗುಂಪನ್ನು ಚೂರು ಮಾಡಿ ಇನ್ನೊಂದನ್ನು ಇಡಿಯಾಗಿ ಬಿಟ್ಟರೆ, ಇಡಿಯಾಗಿ ಉಳಿದದ್ದೇ ಗೆಲ್ಲುತ್ತದೆ. ‘ನಿಧಾನ’ 18ನ್ನೂ ಬಿಡಿಸದೆ ತೀರ್ಪು ಕೊಡಬಾರದು. ನಾನು ಇಡುವ ಅಳತೆ ಇಷ್ಟು: ಒಂದು ಗುಂಪು ಎಂದರೆ ಒಬ್ಬ ಎಂಜಿನಿಯರ್‌ಗೆ ಅಥವಾ ಒಂದು ವಿಭಾಗಕ್ಕೆ ‘ಇದನ್ನು ಸರಿಪಡಿಸಿ’ ಎಂದು ಒಪ್ಪಿಸಬಹುದಾದಷ್ಟು. ಅದಕ್ಕಿಂತ ದೊಡ್ಡದಾದರೆ ಒಡೆಯಬೇಕು, ಎರಡು ಗುಂಪಿನ ಕೆಲಸ ಒಂದೇ ಕೈಗೆ ಹೋಗುವುದಾದರೆ ಕೂಡಿಸಬೇಕು. ಈ ಅಳತೆಯನ್ನು ಎಲ್ಲ ಗುಂಪಿಗೂ ಹಚ್ಚಬೇಕು.

ಮೂರನೆಯ ಉತ್ತರ ಇನ್ನೊಂದು ಕಡೆಯಿಂದ ಬರುತ್ತದೆ. ಒಂದು ರಿವ್ಯೂವಿನಲ್ಲಿ ಒಂದೇ ದೂರು ಇರಬೇಕೆಂದಿಲ್ಲ. ‘ದುಡ್ಡು ಕಟ್ ಆಗಿದೆ, ಫೋನ್ ಮಾಡಿದರೆ ಯಾರೂ ಎತ್ತಲ್ಲ’ ಎನ್ನುವುದರಲ್ಲಿ ಎರಡಿವೆ. ಇಲ್ಲಿಯವರೆಗೆ ನಾವು ಪ್ರತಿ ರಿವ್ಯೂವಿನ ಮುಖ್ಯ ದೂರನ್ನಷ್ಟೇ ಎಣಿಸಿದೆವು. ಎರಡನೆಯದನ್ನೂ ಇನ್ನೊಂದು ಕಾಲಂನಲ್ಲಿ ಬರೆದುಕೊಂಡರೆ, ಸಹಾಯವಾಣಿ ಎತ್ತುವುದಿಲ್ಲ ಎಂಬ ಮಾತು ಹಣ ಕಡಿತದ 15 ರಿವ್ಯೂಗಳಲ್ಲಿ, ಬೇರೆ 6ರಲ್ಲಿ, ಅದೊಂದನ್ನೇ ಹೇಳಿದ 8ರಲ್ಲಿ ಸಿಗುತ್ತದೆ. ಒಟ್ಟು 29, ಹಣ ಕಡಿತದ 24ಕ್ಕಿಂತ ಹೆಚ್ಚು.

ಹಾಗಾದರೆ ಯಾವುದು ದೊಡ್ಡ ಸಮಸ್ಯೆ? ನನ್ನ ಪ್ರಕಾರ ಹಣ ಕಡಿತವೇ. ಹಣ ಸರಿಯಾಗಿ ಜಮೆಯಾಗಿದ್ದರೆ ಆ 15 ಜನ ಸಹಾಯವಾಣಿಗೆ ಫೋನ್ ಮಾಡುವ ಸಂದರ್ಭವೇ ಬರುತ್ತಿರಲಿಲ್ಲ. ಆದರೆ ಸಹಾಯವಾಣಿ ವಿಭಾಗದವರಿಗೆ ಬೇಕಾದ ಸಂಖ್ಯೆ 29. ಎರಡನ್ನೂ ಬರೆದು, ಯಾವುದು ಯಾವ ರೀತಿ ಎಣಿಸಿದ್ದು ಎಂದು ಪಕ್ಕದಲ್ಲಿ ಹೇಳಿಬಿಟ್ಟರೆ ಜಗಳವಿಲ್ಲ. ಶೀಟಿನಲ್ಲಿ ಎಣಿಕೆಯೇನೋ ಸುಲಭ. 125 ಸಾಲಿದ್ದು, ಮುಖ್ಯ ದೂರು E ಕಾಲಂನಲ್ಲಿದ್ದರೆ:

```
=COUNTIF(E2:E126,"ಹಣ ಕಡಿತ")
```

‘ಹಣಕಡಿತ’ ಎಂದು ಸೇರಿಸಿ ಬರೆದ ಸಾಲುಗಳನ್ನು ಈ ಸೂತ್ರ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಗುಂಪಿನ ಹೆಸರನ್ನು ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸುವಂತೆ ಇಟ್ಟುಕೊಂಡರೆ ಈ ತಾಪತ್ರಯ ಇರುವುದಿಲ್ಲ. ಎಲ್ಲ ಗುಂಪುಗಳ ಮೊತ್ತ 125ಕ್ಕೆ ಸರಿಹೊಂದುತ್ತದೆಯೇ ಎಂದು ಕೊನೆಗೊಮ್ಮೆ ಕೂಡಿ ನೋಡಬೇಕು.

ಗುಂಪುಗಳು ಸರಿಯಾಗಿವೆಯೇ ಎಂದು ತಿಳಿಯಲು ಹಳೆಯ, ನಂಬಬಹುದಾದ ಉಪಾಯವೊಂದಿದೆ. ಪ್ರತಿ ಗುಂಪಿಗೂ ಒಂದು ಸಾಲಿನ ವಿವರಣೆ ಬರೆದು, ಮೂವತ್ತು ರಿವ್ಯೂಗಳನ್ನು ಇಬ್ಬರಿಗೆ ಬೇರೆ ಬೇರೆಯಾಗಿ ವಿಂಗಡಿಸಲು ಕೊಡಬೇಕು. 24ರಲ್ಲಿ ಇಬ್ಬರೂ ಒಪ್ಪಿದರೆ ಶೇ 80 ಹೊಂದಾಣಿಕೆ. ಕಣ್ಣು ಮುಚ್ಚಿ ವಿಂಗಡಿಸಿದರೂ ಕೆಲವು ತಾನಾಗಿ ಹೊಂದುತ್ತವಲ್ಲ, ಅದನ್ನು ಕಳೆಯುವ ಅಳತೆಯನ್ನು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟರು. ಅದೃಷ್ಟದ ಪಾಲು ಶೇ 20 ಇದ್ದರೆ, ಉಳಿದ 80ರಲ್ಲಿ 60 ಗಳಿಸಿದಂತೆ, ಅಂದರೆ 0.75. ಈ ಸಂಖ್ಯೆಗಿಂತಲೂ ಉಪಯೋಗಕ್ಕೆ ಬರುವುದು ಇಬ್ಬರೂ ಒಪ್ಪದ ಆ ಆರು ರಿವ್ಯೂಗಳು. ‘ಆಪ್ ಓಪನ್ ಆಗ್ತಿಲ್ಲ’ ಎಂಬುದನ್ನು ಒಬ್ಬರು ಲಾಗಿನ್ ಎಂದರೆ ಇನ್ನೊಬ್ಬರು ಆಪ್ ಮುಚ್ಚಿಕೊಳ್ಳುವುದು ಎಂದಿರುತ್ತಾರೆ. ಅಲ್ಲಿ ವಿವರಣೆ ಸಡಿಲವಿದೆ ಎಂದರ್ಥ. ಅದನ್ನು ಬಿಗಿಮಾಡಿ, ಮತ್ತೆ ಮೊದಲಿನಿಂದ ವಿಂಗಡಿಸಬೇಕು.

ದಿನಾಂಕದ ಕಾಲಂ ಈಗ ಕೆಲಸಕ್ಕೆ ಬರುತ್ತದೆ. ಡೆನ್ನಿಸ್ ಪಗಾನೊ ಮತ್ತು ವಲೀದ್ ಮಾಲೆಜ್ ಎಂಬ ಸಂಶೋಧಕರು ಹತ್ತು ಲಕ್ಷಕ್ಕೂ ಹೆಚ್ಚು ರಿವ್ಯೂಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಆವೃತ್ತಿ ಬಂದ ಕೂಡಲೇ ರಿವ್ಯೂಗಳು ಮುಗಿಬೀಳುತ್ತವೆ, ಆಮೇಲೆ ಬೇಗ ಇಳಿಯುತ್ತವೆ. ನಮ್ಮ ಶೀಟಿನ ಆ ಒಂಬತ್ತು ‘ಮುಚ್ಚಿಕೊಳ್ಳುತ್ತದೆ’ ದೂರುಗಳು ಮೂರೇ ದಿನಗಳ ಒಳಗೆ ಬಂದಿದ್ದು, ಹಣ ಕಡಿತದ 24 ನಾಲ್ಕು ತಿಂಗಳಲ್ಲಿ ಹರಡಿಕೊಂಡಿದ್ದರೆ, ಸಂಖ್ಯೆಯಲ್ಲಿ ಚಿಕ್ಕದಾದರೂ ಒಂಬತ್ತನ್ನೇ ಇವತ್ತು ರಾತ್ರಿ ಕೈಗೆತ್ತಿಕೊಳ್ಳಬೇಕು.

ಹೆಚ್ಚು ಜನ ಹೇಳಿದ್ದೇ ಹೆಚ್ಚು ಕೋಪ ತರಿಸುವುದು ಎಂದೂ ಅಲ್ಲ. ಹಮ್ಮದ್ ಖಾಲಿದ್ ಮತ್ತು ಸಂಗಡಿಗರು 20 ಉಚಿತ ಐಫೋನ್ ಆಪ್‌ಗಳ, ಕಡಿಮೆ ಸ್ಟಾರ್ ಪಡೆದ 6,390 ರಿವ್ಯೂಗಳನ್ನು ಓದಿ 12 ಬಗೆಯ ದೂರುಗಳನ್ನು ಗುರುತಿಸಿದರು. ಎಣಿಕೆಯಲ್ಲಿ ಮುಂದಿದ್ದವು ಕೆಲಸ ಮಾಡದ ಸೌಲಭ್ಯ, ಹೊಸ ಸೌಲಭ್ಯದ ಬೇಡಿಕೆ, ಆಪ್ ಮುಚ್ಚಿಕೊಳ್ಳುವುದು. ಆದರೆ ರೇಟಿಂಗನ್ನು ಹೆಚ್ಚು ಕೆಡಿಸಿದ್ದು ಖಾಸಗಿ ಮಾಹಿತಿ ಹಾಗೂ ನೈತಿಕತೆಯ ಪ್ರಶ್ನೆಗಳು ಮತ್ತು ಮೊದಲೇ ಹೇಳದ ಖರ್ಚು. ನಮ್ಮ ಶೀಟಿನಲ್ಲಿ ಮೂರೇ ಮೂರು ಜನ ಹೇಳಿದ ಹೆಚ್ಚುವರಿ ಶುಲ್ಕ ನೆನಪಿರಲಿ. ಅದರ ಪಕ್ಕದ ಸ್ಟಾರ್ ಕಾಲಂ ಒಮ್ಮೆ ನೋಡಬೇಕು.

ಇಷ್ಟೆಲ್ಲ ಮಾಡಿದರೂ ಗೊತ್ತಾಗಿದ್ದು ಈ ರಾಶಿಯ ಮಟ್ಟಿಗೆ ಮಾತ್ರ. ಸ್ಕ್ರೀನ್‌ಶಾಟ್ ತೆಗೆದವರು ಕಣ್ಣಿಗೆ ಹೊಡೆದದ್ದನ್ನು ತೆಗೆದಿದ್ದಾರೆ, ಪ್ಲೇ ಸ್ಟೋರ್ ತಾನು ಮುಖ್ಯವೆಂದುಕೊಂಡದ್ದನ್ನು ಮೇಲೆ ತೋರಿಸಿದೆ. ಆಪಲ್ ಆಪ್ ಸ್ಟೋರ್ ದೇಶಕ್ಕೊಂದು. ದುಬೈನಲ್ಲಿ ಕೂತು ಊರಿನ ಅಪ್ಪ ಅಮ್ಮನ ಬಿಲ್ ಕಟ್ಟುವ ಕನ್ನಡಿಗ ಅಲ್ಲಿಯ ಸ್ಟೋರಿನಲ್ಲಿ ಬರೆದ ದೂರು ಬೆಂಗಳೂರಿನ ಐಫೋನಿನಲ್ಲಿ ಕಾಣುವುದೇ ಇಲ್ಲ. ‘ಹೊಸತು ಮೊದಲು’ ಎಂಬ ಕ್ರಮ ಆರಿಸಿ, ಒಂದು ದಿನಾಂಕದಿಂದ ಇನ್ನೊಂದು ದಿನಾಂಕದವರೆಗೆ ಒಂದೂ ಬಿಡದೆ ಚಿತ್ರ ತೆಗೆದರೆ ಪಕ್ಷಪಾತ ಬಹುಪಾಲು ಕಡಿಮೆಯಾಗುತ್ತದೆ. ಹಾಗೆ ತೆಗೆದ ನೂರರಲ್ಲೂ 24 ಎನ್ನುವುದಕ್ಕೆ ಎಂಟರಷ್ಟು ಹಿಂದುಮುಂದು ಇಟ್ಟುಕೊಳ್ಳಬೇಕು. ಹಾಗಾಗಿ 24 ಮತ್ತು 12ರ ನಡುವಿನ ಅಂತರವನ್ನು ನಂಬಬಹುದು. ಓಟಿಪಿಯ 12, ತಪ್ಪು ಬಿಲ್ಲಿನ 10 ಇವುಗಳಲ್ಲಿ ಯಾವುದು ಮುಂದೆ ಎಂದು ವಾದಿಸುವುದು ವ್ಯರ್ಥ.

ದೋಷ ಸರಿಪಡಿಸಿದ ಮೇಲೆ ಮತ್ತೊಮ್ಮೆ ಎಣಿಸುವಾಗ ಅದೇ ಗುಂಪು, ಅದೇ ವಿವರಣೆಗಳನ್ನೇ ಬಳಸಬೇಕು. ಆಗಲೂ ಬರಿಯ ಸಂಖ್ಯೆ ಇಳಿಯಿತೆಂದು ನಂಬುವಂತಿಲ್ಲ, ಏಕೆಂದರೆ ಅಪ್‌ಡೇಟಿನ ಗಲಾಟೆ ತಣ್ಣಗಾದಂತೆ ಎಲ್ಲ ಬಗೆಯ ರಿವ್ಯೂಗಳೂ ಇಳಿಯುತ್ತವೆ. ನೋಡಬೇಕಾದದ್ದು ಪಾಲು. ಮುಂದಿನ ಸಲ ಒಟ್ಟು ದೂರು 40 ಇದ್ದು ಹಣ ಕಡಿತ 10 ಇದ್ದರೆ, 24 ಹೋಗಿ 10 ಆಯಿತೆಂದು ಹಿಗ್ಗುವಂತಿಲ್ಲ. ಶೇ 24 ಇದ್ದದ್ದು ಈಗ ಶೇ 25.