ಐನೂರು ಡಬ್ಬದ ಆರ್ಡರ್ ತರುವ ಪೋಸ್ಟ್

ದೀಪಾವಳಿಗೆ ಇನ್ನೂ ಒಂದೂವರೆ ತಿಂಗಳಿರುವಾಗಲೇ ಬೆಂಗಳೂರಿನ ಸ್ವೀಟ್ ಅಂಗಡಿಗಳ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಕಂಪನಿಗಳನ್ನು ಕರೆಯುವ ಪೋಸ್ಟ್‌ಗಳು ಕಾಣಿಸತೊಡಗುತ್ತವೆ. ಹೊಳೆಯುವ ಡಬ್ಬ, ಪಕ್ಕದಲ್ಲೊಂದು ಹಣತೆ, ಕೆಳಗೆ ‘ದರಕ್ಕಾಗಿ ಸಂಪರ್ಕಿಸಿ’ ಎಂಬ ಸಾಲು. ಚಿತ್ರವೇನೋ ಚೆಂದ. ಆದರೆ ಆರ್ಡರ್ ಕೊಡುವವರು ಹುಡುಕುವುದು ಬೇರೆಯದನ್ನೇ.

ಕಂಪನಿಯ ಎಚ್‌ಆರ್ ಅಥವಾ ಅಡ್ಮಿನ್ ವಿಭಾಗದವರು ಎರಡು ಮೂರು ಅಂಗಡಿಗಳ ದರ ಹೋಲಿಸಿ, ಅಕೌಂಟ್ಸ್‌ನವರ ಒಪ್ಪಿಗೆ ಪಡೆದ ಮೇಲೆಯೇ ಮುಂಗಡ ಕಳಿಸುವುದು. ದರವನ್ನೇ ಹೇಳದ ಅಂಗಡಿ ಆ ಹೋಲಿಕೆಯಲ್ಲಿ ಸುಲಭವಾಗಿ ಹಿಂದೆ ಬೀಳುತ್ತದೆ.

ಒಂದು ಲೆಕ್ಕ ನೋಡೋಣ. ಅರ್ಧ ಕೆ.ಜಿ. ಡಬ್ಬಕ್ಕೆ 450 ರೂಪಾಯಿಯಂತೆ 500 ಡಬ್ಬ ಬೇಕು ಎಂದಿಟ್ಟುಕೊಳ್ಳಿ. ಸಿಹಿ ತಿಂಡಿಯ ಮೇಲಿನ ಜಿಎಸ್‌ಟಿ ಶೇ. 5 ಸೇರಿದರೆ ಡಬ್ಬಕ್ಕೆ 472.50 ರೂಪಾಯಿ, ಒಟ್ಟು 2,36,250 ರೂಪಾಯಿ. ಉಡುಗೊರೆಯಾಗಿ ಹಂಚಿದ ಸಾಮಾನಿಗೆ ಕಟ್ಟಿದ ಜಿಎಸ್‌ಟಿಯನ್ನು ಕಂಪನಿ ಸಾಮಾನ್ಯವಾಗಿ ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವಂತಿಲ್ಲ. ಹಾಗಾಗಿ ಆ 11,250 ರೂಪಾಯಿ ಅವರಿಗೆ ನಿಜವಾದ ಖರ್ಚು. ಪೋಸ್ಟ್‌ನಲ್ಲಿ ತೆರಿಗೆ ಸೇರಿದ ದರವನ್ನೇ ಬರೆಯುವುದು ಸರಿ.

ತೂಕದ ಮಾತೂ ಅಷ್ಟೇ ಮುಖ್ಯ. ಅರ್ಧ ಕೆ.ಜಿ. ಎಂದರೆ ಖಾಲಿ ಡಬ್ಬ ಬಿಟ್ಟು ಒಳಗಿನ ಸಿಹಿಯ ತೂಕ. ಅಲಂಕಾರದ ರಟ್ಟಿನ ಡಬ್ಬಗಳೇ ಭಾರವಾಗಿರುವುದರಿಂದ, ಸ್ಯಾಂಪಲ್ ಡಬ್ಬ ಕಚೇರಿ ತಲುಪಿದಾಗ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಇನ್ನು ಬಾಳಿಕೆ. ಕಂಪನಿಯ ಡಬ್ಬ ಬಂದ ದಿನವೇ ತೆರೆಯುವುದಿಲ್ಲ. ಗೋದಾಮಿನಲ್ಲಿ ಒಂದೆರಡು ದಿನ, ಊರಿಗೆ ಹೋಗುವ ಬಸ್ಸಿನಲ್ಲಿ ಒಂದು ರಾತ್ರಿ. ರಸಗುಲ್ಲದಂಥ ಹಸಿ ಛೇನಾದ ಸಿಹಿ ಈ ಪಯಣವನ್ನು ತಡೆಯದು. ಖೋವಾದ ಬರ್ಫಿಯೂ ಬೇಗ ಹುಳಿಯುತ್ತದೆ. ತುಪ್ಪದಲ್ಲಿ ಮಾಡಿದ ಮೈಸೂರು ಪಾಕ್, ಗೋಕಾಕದ ಕರದಂಟು ತಡೆಯುತ್ತವೆ. ಬಿಡಿ ಸಿಹಿಯ ತಟ್ಟೆಯ ಮುಂದೆ ‘ಯಾವ ದಿನದೊಳಗೆ ತಿನ್ನಬೇಕು’ ಎಂದು ಬರೆಯಬೇಕೆಂಬ ಎಫ್‌ಎಸ್‌ಎಸ್‌ಎಐ ನಿಯಮ 2020ರ ಅಕ್ಟೋಬರ್ 1ರಿಂದ ಬಂತು. ಅದೇ ದಿನಾಂಕ ಉಡುಗೊರೆ ಡಬ್ಬದ ಮೇಲೂ, ಪೋಸ್ಟ್‌ನಲ್ಲೂ ಇದ್ದರೆ ಫೋನಿನಲ್ಲಿ ಕೇಳುವ ಅರ್ಧ ಪ್ರಶ್ನೆಗಳು ಮುಗಿದಂತೆ.

ಇವೆಲ್ಲ ಸೇರಿದ ಪೋಸ್ಟ್ ಹೀಗಿರಬಹುದು: ‘ದೀಪಾವಳಿ ಡಬ್ಬ: ಮೈಸೂರು ಪಾಕ್, ಕರದಂಟು. ಸಿಹಿಯ ತೂಕ 500 ಗ್ರಾಂ. ಜಿಎಸ್‌ಟಿ ಸೇರಿ ₹472.50. ಕನಿಷ್ಠ 50 ಡಬ್ಬ. ತಯಾರಾದ ದಿನದಿಂದ 10 ದಿನ ಬಾಳಿಕೆ. ಲೋಗೋ ಬೇಕಿದ್ದರೆ 15 ದಿನ ಮುಂಚೆ ತಿಳಿಸಿ. ಅರ್ಧ ಹಣ ಮುಂಗಡ.’ ಬಾಳಿಕೆಯ ಸಂಖ್ಯೆಯನ್ನು ಮಾತ್ರ ಪ್ರತಿ ಅಂಗಡಿಯೂ ತನ್ನ ಸಿಹಿಯನ್ನು ಇಟ್ಟು ನೋಡಿಯೇ ಬರೆಯಬೇಕು.

500 ಡಬ್ಬ ಎಂದರೆ 250 ಕೆ.ಜಿ. ಸಿಹಿ. ಹಬ್ಬದ ವಾರ ಅಂಗಡಿಯ ಮುಂದೆ ಸಾಲು ನಿಂತಿರುವಾಗ ಅದೇ ಒಲೆ, ಅದೇ ಕೆಲಸಗಾರರಿಂದ ಇಷ್ಟನ್ನೂ ತೆಗೆಯಬೇಕು. ಆದ್ದರಿಂದ ದಿನಕ್ಕೆ ಎಷ್ಟು ಡಬ್ಬ ಸಾಧ್ಯ ಎಂದು ಮೊದಲೇ ಲೆಕ್ಕ ಹಾಕಿ, ಅದು ತುಂಬಿದ ದಿನವೇ ಹಳೆಯ ಪೋಸ್ಟ್ ತೆಗೆದು ‘ಈ ಹಬ್ಬದ ಕಂಪನಿ ಆರ್ಡರ್ ಮುಗಿದಿದೆ’ ಎಂದು ಹಾಕಿಬಿಡಿ.