ರಾತ್ರಿ ವಾಕರಿಕೆ, ಹಗಲು ಸಿಟ್ಟು

ಪ್ರಶ್ನೆ: ಹೆಂಡತಿಗೆ ಈಗ ಎರಡು ತಿಂಗಳು. ರಾತ್ರಿಯೆಲ್ಲ ವಾಕರಿಕೆ, ಮಾತೆತ್ತಿದರೆ ಸಿಟ್ಟು. ಗಂಡ ಏನು ಮಾಡಬೇಕು?
— ಓದುಗ, ಲಕ್ಷ್ಮೇಶ್ವರ

ಉತ್ತರ: ಕಥೆಯಾಗಿಯೇ ಹೇಳುವೆ. ಬೆಟಗೇರಿಯ ನೇಕಾರನೊಬ್ಬ, ವಾಂತಿ ಮಾಡಿ ಬಂದ ಹೆಂಡತಿಗೆ ಚೊಂಬು ತುಂಬ ನೀರು ಕುಡಿಸಿದ. ಅದೂ ಹೊರಬಂತು. ಬಿಸಿ ಅನ್ನಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ತಂದ. “ಆ ವಾಸ್ನಿನ ಬ್ಯಾಡ, ಆಚೆ ಒಯ್ರಿ!” ಎಂದು ಅತ್ತಳು.

ಮರುದಿನ ಆಶಾ ಕಾರ್ಯಕರ್ತೆ ಬಿಡಿಸಿ ಹೇಳಿದರು: ಬಸಿರಿನ ಹಾರ್ಮೋನುಗಳಿಂದ ವಾಕರಿಕೆ ಬರುತ್ತದೆ, ಹೊಟ್ಟೆ ಖಾಲಿಯಾದರೆ ಹೆಚ್ಚುತ್ತದೆ. (ಜಿಡಿಎಫ್-15 ಎಂಬ ಹಾರ್ಮೋನಿನ ಪಾತ್ರವನ್ನು 2023ರ ಸಂಶೋಧನೆ ಸ್ಪಷ್ಟಪಡಿಸಿದೆ.) ಅಂದಿನಿಂದ ಅವನು ದಿಂಬಿನ ಬಳಿ ಖಡಕ್ ರೊಟ್ಟಿಯ ಚೂರು, ಚುರಮರಿ ಇಟ್ಟ. ಎಚ್ಚರವಾದಾಗ ಒಂದೆರಡು ತುತ್ತು, ಸ್ವಲ್ಪ ಹೊತ್ತು ಬಿಟ್ಟು ಗುಟುಕು ಗುಟುಕಾಗಿ ನೀರು. ಒಗ್ಗರಣೆಯ ಅಡುಗೆಯನ್ನು ಅವಳು ಹಿತ್ತಲಲ್ಲಿ ಗಾಳಿಗೆ ಕುಂತಾಗ ತಾನೇ ಮುಗಿಸುತ್ತಿದ್ದ.

ಸಿಟ್ಟಿಗೆ? “ಏನ್ ಮಾಡ್ಲಿ?” ಎಂದ. “ಸುಮ್ನ ಕುಂದ್ರಿ.” ಕುಂತ. ನಿದ್ದೆಗೆಟ್ಟವರೊಡನೆ ವಾದ ಯಾಕೆ? ಆದರೆ ಎರಡು ವಾರ ಬಿಡದೆ ಬೇಸರ ಕಾಡಿದರೆ ವೈದ್ಯರಿಗೆ ಹೇಳಲೇಬೇಕು.

ಒಂದು ದಿನ ನೀರೂ ನಿಲ್ಲಲಿಲ್ಲ, ಮೂತ್ರ ಗಾಢ ಹಳದಿಯಾಗಿ ತೀರ ಕಡಿಮೆಯಾಯಿತು. ಕಾಯದೆ ಆಸ್ಪತ್ರೆಗೆ ಕರೆದೊಯ್ದ, ಸಲೈನ್ ಹಾಕಿದರು. ಹೆಚ್ಚಿನವರಿಗೆ ನಾಲ್ಕನೇ ತಿಂಗಳ ಹೊತ್ತಿಗೆ ವಾಕರಿಕೆ ಇಳಿಯುತ್ತದೆ. ಅಲ್ಲಿಯವರೆಗೆ ಅಂಗಡಿಯಿಂದ ನೀವೇ ಮಾತ್ರೆ ತಂದು ಕೊಡಬೇಡಿ, ವೈದ್ಯರನ್ನು ಕೇಳಿ.