ಅರ್ಧವೃತ್ತದ ವಿಸ್ತೀರ್ಣ ಋಣವಾಗುವುದೇಕೆ?

ತ್ರಿಜ್ಯ 1 ಇರುವ ಅರ್ಧವೃತ್ತದ ವಿಸ್ತೀರ್ಣ π/2 ಎಂಬುದು ಪ್ರೌಢಶಾಲೆಯಲ್ಲೇ ತಿಳಿಯುವ ಸಂಗತಿ. ಅದನ್ನೇ ಅನುಕಲನದಿಂದ, ಎಂದರೆ ವಕ್ರರೇಖೆಯ ಕೆಳಗಿನ ಜಾಗವನ್ನು ತೀರ ತೆಳುವಾದ ಪಟ್ಟಿಗಳಾಗಿ ಸೀಳಿ ಕೂಡಿಸುವ ವಿಧಾನದಿಂದ ಪಡೆಯಬೇಕಾದರೆ, √(1 − x²) ಎಂಬ ಎತ್ತರವನ್ನು x = −1 ರಿಂದ x = 1 ರವರೆಗೆ ಅನುಕಲಿಸಬೇಕು. ಇದಕ್ಕಾಗಿ x = sin θ ಎಂದು ಆದೇಶಿಸುವುದು ರೂಢಿ; ಆಗ dx ಇದ್ದಲ್ಲಿ cos θ dθ ಬರುತ್ತದೆ, ವರ್ಗಮೂಲದೊಳಗೆ cos²θ ಉಳಿಯುತ್ತದೆ.

ವರ್ಗಮೂಲದ ಚಿಹ್ನೆ ಋಣವಲ್ಲದ ಮೂಲವನ್ನಷ್ಟೇ ಸೂಚಿಸುವುದರಿಂದ, (−3)² ರ ವರ್ಗಮೂಲ −3 ಆಗದೆ 3 ಆಗುವಂತೆ, √(cos²θ) ಕೂಡ cos θ ಆಗದೆ |cos θ| ಆಗುತ್ತದೆ. ಈ ಎರಡು ಗೆರೆಗಳು ಸೂಚಿಸುವುದು ನಿರಪೇಕ್ಷ ಬೆಲೆಯನ್ನು, ಅಂದರೆ ಚಿಹ್ನೆಯನ್ನು ಬಿಟ್ಟು ಉಳಿಯುವ ಪರಿಮಾಣವನ್ನು. ಪಠ್ಯಪುಸ್ತಕಗಳು θ ವನ್ನು −π/2 ರಿಂದ π/2 ರ ಒಳಗೆ ಇರಿಸುತ್ತವೆ. ಅಲ್ಲಿ cos θ ಎಲ್ಲಿಯೂ ಋಣವಾಗದ ಕಾರಣ ಆ ಗೆರೆಗಳನ್ನು ಸದ್ದಿಲ್ಲದೆ ಕೈಬಿಟ್ಟರೂ ಉತ್ತರ ಸರಿಯಾಗಿಯೇ ಬರುತ್ತದೆ. ಅನೇಕ ಪುಸ್ತಕಗಳು ಈ ಕಾರಣವನ್ನು ಹೇಳದೆ ಮುಂದೆ ಸಾಗುವುದರಿಂದಲೇ ತೊಡಕು ಹುಟ್ಟುತ್ತದೆ.

ಸೈನ್ ಒಂದಕ್ಕೊಂದು ಉತ್ಪನ್ನವಲ್ಲ, ಅಂದರೆ ಒಂದೇ x ಬೆಲೆಯನ್ನು ಹಲವು ಕೋನಗಳು ಕೊಡುತ್ತವೆ: sin(5π/2) ಕೂಡ 1 ಆದುದರಿಂದ θ ವನ್ನು −π/2 ರಿಂದ 5π/2 ರವರೆಗೆ ಒಯ್ಯಲು ಅಡ್ಡಿಯಿಲ್ಲ. ಈ ಹಾದಿಯಲ್ಲಿ x ಮೊದಲು −1 ರಿಂದ 1 ಕ್ಕೆ ಹೋಗಿ, ಹಿಂದಿರುಗಿ −1 ಕ್ಕೆ ಬಂದು, ಮತ್ತೆ 1 ನ್ನು ತಲುಪುತ್ತದೆ. ಅನುಕಲಿಸಬೇಕಾದುದು |cos θ| cos θ. x ಹಿಂದಿರುಗುವ ನಡುವಿನ ಹಂತದಲ್ಲಿ ಎರಡನೆಯ ಅಂಶವು ಋಣವಾಗಿ, ಮೂರು ಹಂತಗಳು ಕ್ರಮವಾಗಿ π/2, −π/2, π/2 ಕೊಡುತ್ತವೆ. ಒಟ್ಟು ಮೊತ್ತ π/2. ಗೆರೆಗಳನ್ನು ಕೈಬಿಟ್ಟರೆ ಎಲ್ಲೆಡೆ cos²θ ಬಂದು, ಕಳೆಯಬೇಕಾದ ಹಿಂದಿರುಗುವ ಭಾಗವೂ ಕೂಡಿಕೊಂಡು, ಉತ್ತರ 3π/2 ಎಂದಾಗುತ್ತದೆ. ಇದು ನಿಜವಾದ ವಿಸ್ತೀರ್ಣದ ಮೂರು ಪಟ್ಟು.

ಇಲ್ಲಿ ದೋಷ ಆದೇಶದ್ದಲ್ಲ ಎಂಬುದನ್ನು ಗಮನಿಸಬೇಕು. ಆದೇಶಿಸಿದ ಉತ್ಪನ್ನದ ಅವಕಲನಾಂಕ, ಅಂದರೆ ಅದರ ಬದಲಾವಣೆಯ ದರ, ನಿರಂತರವಾಗಿದ್ದರೆ ಸಾಕು, ಅನುಕಲನದ ಆದೇಶ ನಿಯಮವು ಹಿಂದುಮುಂದು ಚಲನೆಯನ್ನೂ ಸರಿಯಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ಸೈನ್‌ನ ಅವಕಲನಾಂಕವೇ cos θ ಆದುದರಿಂದ, x ದಿಕ್ಕು ಬದಲಿಸುವ ಕ್ಷಣದಲ್ಲಿಯೇ ಅದರ ಚಿಹ್ನೆಯೂ ಬದಲಾಗುತ್ತದೆ. ವರ್ಗ ಮಾಡಿದೊಡನೆ ಆ ಚಿಹ್ನೆ ಅಳಿಸಿಹೋಗುತ್ತದೆ.

ಹಾಗೆಂದು ಒಂದಕ್ಕೊಂದಾಗಿರುವ ವ್ಯಾಪ್ತಿಯನ್ನು ಆರಿಸಿದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. π/2 ರಿಂದ 3π/2 ರವರೆಗೆ ಸೈನ್ ಒಂದಕ್ಕೊಂದೇ ಆಗಿದ್ದರೂ ಅಲ್ಲಿ cos θ ಧನವಾಗುವುದೇ ಇಲ್ಲ; x = −1 ಕ್ಕೆ 3π/2, x = 1 ಕ್ಕೆ π/2 ಎಂದು ಮಿತಿಗಳನ್ನಿಟ್ಟು ಗೆರೆಗಳನ್ನು ಮರೆತರೆ ವಿಸ್ತೀರ್ಣ −π/2 ಎಂದು ಬರುತ್ತದೆ. ಆದ್ದರಿಂದ ಗೆರೆಗಳನ್ನು ತೆಗೆಯುವ ಮೊದಲು ಪರೀಕ್ಷಿಸಬೇಕಾದುದು ಆರಿಸಿದ ವ್ಯಾಪ್ತಿಯಲ್ಲಿ cos θ ದ ಚಿಹ್ನೆಯನ್ನು.